ಪ್ರಾಡಕ್ಟ್ ಮ್ಯಾನೇಜರ್ ಸಂದರ್ಶನದ ಪ್ರಶ್ನೆಗಳು: ಅಳತೆ, ಆದ್ಯತೆ, ತಿಕ್ಕಾಟ

ಒಂದು ಆ್ಯಪ್‌ನಲ್ಲಿ ಮುಂದೆ ಏನು ಕಟ್ಟಬೇಕು, ಏನನ್ನು ಸದ್ಯಕ್ಕೆ ಬಿಡಬೇಕು ಎಂದು ತೀರ್ಮಾನಿಸುವ ಹುದ್ದೆಗೆ ತಂತ್ರಾಂಶ ಕಂಪನಿಗಳಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಎಂಬ ಹೆಸರಿದೆ. ಕೋಡ್ ಬರೆಯುವವರಾಗಲಿ ವಿನ್ಯಾಸಕರಾಗಲಿ ಮಾರಾಟದವರಾಗಲಿ ಸಾಮಾನ್ಯವಾಗಿ ಈ ವ್ಯಕ್ತಿಯ ಕೈಕೆಳಗೆ ಇರುವುದಿಲ್ಲ. ಆದರೂ ಅವರೆಲ್ಲರ ಕೆಲಸದ ಸರದಿಯನ್ನು ಗೊತ್ತುಮಾಡುವ ಹೊಣೆ ಇವರದೇ. ಹುದ್ದೆಯ ಈ ವಿಚಿತ್ರ ಸ್ಥಿತಿಯಿಂದಲೇ ಅದರ ಸಂದರ್ಶನದ ಮೂರು ಮುಖ್ಯ ಪ್ರಶ್ನೆಗಳು ಹುಟ್ಟಿವೆ. ಕೆಲಸ ಸರಿಯಾಗಿ ಸಾಗುತ್ತಿದೆ ಎಂದು ಯಾವ ಅಂಕಿಯಿಂದ ತಿಳಿಯುತ್ತೀರಿ? ಮುಂದಿರುವ ಕೆಲಸಗಳಲ್ಲಿ ಯಾವುದನ್ನು ಮೊದಲು ಮಾಡುತ್ತೀರಿ? ಇಬ್ಬರು ಹಿರಿಯರು ಎರಡು ದಿಕ್ಕಿಗೆ ಎಳೆದರೆ ಏನು ಮಾಡುತ್ತೀರಿ?

ಕಂಪನಿಗಳು ಇವನ್ನು ಬೇರೆ ಬೇರೆ ಸುತ್ತುಗಳಲ್ಲಿ, ಬೇರೆ ಬೇರೆ ಸಂದರ್ಶಕರಿಂದ ಕೇಳಿಸುವುದುಂಟು. ಅಭ್ಯರ್ಥಿಗಳೂ ಮೂರು ಪ್ರತ್ಯೇಕ ಪಾಠಗಳಂತೆ ಓದಿಕೊಂಡು ಬರುತ್ತಾರೆ. ಕೆಲಸದಲ್ಲಿ ಮಾತ್ರ ಇವು ಬೇರೆಯಲ್ಲ: ಅಳತೆ ಬದಲಾದರೆ ಆದ್ಯತೆ ಬದಲಾಗುತ್ತದೆ, ಆದ್ಯತೆ ಬದಲಾದರೆ ಯಾರು ಸಿಟ್ಟಾಗುತ್ತಾರೆ ಎಂಬುದೂ ಬದಲಾಗುತ್ತದೆ. ಈ ಲೇಖನ ಬೆಂಗಳೂರಿನ ಆಟೊ ಬುಕಿಂಗ್ ಆ್ಯಪ್ ಒಂದನ್ನು ಕಲ್ಪಿಸಿಕೊಂಡು, ಅದೊಂದೇ ಉದಾಹರಣೆಯನ್ನು ಹಿಡಿದು ಮೂರೂ ಪ್ರಶ್ನೆಗಳನ್ನು ನೋಡುತ್ತದೆ. ಆ್ಯಪ್‌ನ ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು.

ಹಿನ್ನೆಲೆ

ಹುದ್ದೆಯ ಮೂಲವನ್ನು ಸಾಮಾನ್ಯವಾಗಿ 1931ಕ್ಕೆ ಒಯ್ಯಲಾಗುತ್ತದೆ. ಅಮೆರಿಕದ ಸಾಬೂನು ಕಂಪನಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ ಕ್ಯಾಮೆ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್‌ರಾಯ್, ಪ್ರತಿ ಬ್ರ್ಯಾಂಡಿಗೂ ಅದರ ಪೂರ್ತಿ ಹೊಣೆ ಹೊರುವ ಒಬ್ಬ ವ್ಯಕ್ತಿ ಬೇಕೆಂದು ಆ ವರ್ಷ ಟಿಪ್ಪಣಿ ಬರೆದರು. (ಮುಂದೆ ಅವರೇ ಐಸೆನ್‌ಹೋವರ್ ಸರ್ಕಾರದಲ್ಲಿ ರಕ್ಷಣಾ ಕಾರ್ಯದರ್ಶಿಯಾದರು.) ತಂತ್ರಾಂಶ ಲೋಕದಲ್ಲಿ ಹೊಸಬರನ್ನು ಈ ಹುದ್ದೆಗೆಂದೇ ಆರಿಸಿ ತರಬೇತುಗೊಳಿಸುವ ಪದ್ಧತಿಗೆ ಹೆಸರಾದದ್ದು 2002ರಲ್ಲಿ ಗೂಗಲ್‌ನಲ್ಲಿ ಮರಿಸ್ಸಾ ಮೇಯರ್ ಶುರುಮಾಡಿದ ಕಾರ್ಯಕ್ರಮ. 2013ರ ಹೊತ್ತಿಗೆ ಈ ಸಂದರ್ಶನಕ್ಕೆ ತಯಾರಿ ಮಾಡಿಸುವ ಪುಸ್ತಕಗಳು ಬಂದವು. ಬಸ್ಸಿನೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ ಎಂಬಂಥ ಒಗಟುಗಳಿಂದ ಪ್ರಯೋಜನವಿಲ್ಲ ಎಂದು ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ ಸಾರ್ವಜನಿಕವಾಗಿ ಒಪ್ಪಿಕೊಂಡದ್ದೂ ಅದೇ ವರ್ಷ. ಈಗ ಕೇಳುವುದು ಹೆಚ್ಚಾಗಿ ಕೆಲಸವನ್ನೇ ಹೋಲುವ ಸನ್ನಿವೇಶಗಳನ್ನು.

ಅಳತೆಯ ಪ್ರಶ್ನೆ

ಅಳತೆಯ ಸುತ್ತಿನಲ್ಲಿ ಎರಡು ರೂಪಗಳಿವೆ. ಮೊದಲನೆಯದು, ಈ ಸೇವೆ ಗೆಲ್ಲುತ್ತಿದೆಯೋ ಸೋಲುತ್ತಿದೆಯೋ ಎಂದು ಯಾವ ಅಂಕಿಯಿಂದ ಹೇಳುತ್ತೀರಿ ಎಂಬುದು. ಎರಡನೆಯದು, ಒಂದು ಅಂಕಿ ಇದ್ದಕ್ಕಿದ್ದಂತೆ ಕುಸಿದಿದೆ, ಕಾರಣ ಹುಡುಕಿ ಎಂಬುದು. ಇವೆರಡರಲ್ಲಿ ಅಭ್ಯರ್ಥಿಯ ಗುಣ ಬೇಗ ಬಯಲಾಗುವುದು ಎರಡನೆಯದರಲ್ಲಿ.

ನಮ್ಮ ಆಟೊ ಆ್ಯಪ್‌ನ ಪ್ರಶ್ನೆ ಹೀಗಿರಬಹುದು: ‘ಬಂದ ಬುಕಿಂಗ್‌ಗಳಲ್ಲಿ ಪ್ರಯಾಣ ಮುಗಿಯುವವರೆಗೂ ಹೋದವುಗಳ ಪಾಲು ಹಿಂದಿನ ತಿಂಗಳು ನೂರಕ್ಕೆ 60 ಇತ್ತು. ಈಗ 55. ಏನಾಗಿದೆ?’ ಕೇಳಿದ ಕೂಡಲೇ ಕಾರಣಗಳ ಸುರಿಮಳೆ ಶುರುವಾಗುತ್ತದೆ. ಮಳೆ ಇರಬಹುದು, ಎದುರಾಳಿ ಆ್ಯಪ್ ರಿಯಾಯಿತಿ ಕೊಟ್ಟಿರಬಹುದು, ಹೊಸ ಆವೃತ್ತಿಯಲ್ಲಿ ದೋಷವಿರಬಹುದು. ಇವೆಲ್ಲ ಸಾಧ್ಯ. ಆದರೆ ಮೊದಲು ಕೇಳಬೇಕಾದದ್ದು ಆ ಭಾಗಾಕಾರದ ಬಗ್ಗೆ: ಮೇಲೆ ಏನಿದೆ, ಕೆಳಗೆ ಏನಿದೆ?

ಮೆಜೆಸ್ಟಿಕ್‌ನಲ್ಲಿ ನಿಂತ ಒಬ್ಬರು ಒಮ್ಮೆ ಆಟೊ ಬುಕ್ ಮಾಡಿದರು, ಚಾಲಕ ರದ್ದು ಮಾಡಿದ. ಮತ್ತೆ ಬುಕ್ ಮಾಡಿದರು, ಅವನೂ ರದ್ದು ಮಾಡಿದ. ಮೂರನೆಯವನು ಬಂದ. ಇದು ಒಂದು ಪ್ರಯಾಣದ ಅಗತ್ಯವೋ, ಮೂರು ಬುಕಿಂಗ್‌ಗಳೋ? ಮೂರು ಎಂದು ಎಣಿಸಿದರೆ ಯಶಸ್ಸು ನೂರಕ್ಕೆ 33, ಒಂದು ಎಂದು ಎಣಿಸಿದರೆ ನೂರಕ್ಕೆ ನೂರು. ಚಾಲಕ ಕೈಕೊಟ್ಟರೆ ತಾನೇ ಇನ್ನೊಬ್ಬನನ್ನು ಹುಡುಕುವ ಸೌಲಭ್ಯವನ್ನು ಎಂಜಿನಿಯರುಗಳು ಈ ತಿಂಗಳು ಸೇರಿಸಿದ್ದು, ಆ ಮರುಹುಡುಕಾಟವೂ ಹೊಸ ಬುಕಿಂಗ್ ಎಂದು ದಾಖಲಾಗುತ್ತಿದ್ದರೆ, ರಸ್ತೆಯಲ್ಲಿ ಏನೂ ಬದಲಾಗದೆಯೇ ಅಂಕಿ ಬಿದ್ದಿರುತ್ತದೆ. ಹಾಗಾಗಿ ಒಳ್ಳೆಯ ಅಭ್ಯರ್ಥಿ ಮೊದಲು ಛೇದವನ್ನು ವಿಚಾರಿಸುತ್ತಾನೆ, ಆಮೇಲೆ ಮಳೆಯನ್ನು.

ಛೇದ ಸರಿಯಾಗಿದೆ ಎಂದಿಟ್ಟುಕೊಳ್ಳೋಣ. ಮುಂದಿನ ಹೆಜ್ಜೆ, ಒಟ್ಟು ಅಂಕಿಯನ್ನು ಒಡೆದು ನೋಡುವುದು. ಹಿಂದಿನ ತಿಂಗಳ ಮಾದರಿ ದಿನವೊಂದರಲ್ಲಿ 3,000 ಬುಕಿಂಗ್ ಬಂದಿದ್ದವು. ಅವುಗಳಲ್ಲಿ 2,000 ಹಗಲಿನವು, ಸಂಜೆಯ ದಟ್ಟಣೆಯ ಹೊತ್ತಿನವು 1,000. ಹಗಲಿನಲ್ಲಿ ನೂರಕ್ಕೆ 70ರಂತೆ 1,400 ಪ್ರಯಾಣಗಳು ನಡೆದವು, ಸಂಜೆ ನೂರಕ್ಕೆ 40ರಂತೆ 400. ಒಟ್ಟು 1,800, ಅಂದರೆ ನೂರಕ್ಕೆ 60. ಈ ತಿಂಗಳು ಹಗಲಿನದು ಹಾಗೆಯೇ ಇದೆ, ಸಂಜೆಯ ಬುಕಿಂಗ್ ಮಾತ್ರ 2,000ಕ್ಕೆ ಏರಿದೆ. ಸಂಜೆಯ ಯಶಸ್ಸು ಈಗಲೂ ನೂರಕ್ಕೆ 40, ಆದ್ದರಿಂದ 800 ಪ್ರಯಾಣ. ಒಟ್ಟು 4,000ದಲ್ಲಿ 2,200, ಅಂದರೆ ನೂರಕ್ಕೆ 55.

ಹಗಲಿನ ಸೇವೆ ಕೆಟ್ಟಿಲ್ಲ, ಸಂಜೆಯ ಸೇವೆಯೂ ಕೆಟ್ಟಿಲ್ಲ, ಒಟ್ಟು ಪ್ರಯಾಣಗಳು 400 ಹೆಚ್ಚಿವೆ. ಆದರೂ ಡ್ಯಾಶ್‌ಬೋರ್ಡಿನ ಗೆರೆ ಕೆಳಗಿಳಿದಿದೆ. ಕಷ್ಟದ ಹೊತ್ತಿನ ಬುಕಿಂಗ್‌ಗಳ ಪಾಲು ಹೆಚ್ಚಿತು, ಅಷ್ಟೇ. ಇಷ್ಟನ್ನು ಕಂಡುಹಿಡಿದ ಅಭ್ಯರ್ಥಿ ‘ಹಾಗಾದರೆ ಚಿಂತೆಯಿಲ್ಲ’ ಎಂದು ಕುರ್ಚಿಗೆ ಒರಗಿದರೆ ಅರ್ಧ ಅಂಕ ಕಳೆದುಕೊಂಡಂತೆ. ಮೊದಲು ದಿನಕ್ಕೆ 1,200 ಬುಕಿಂಗ್‌ಗಳು ಆಟೊ ಸಿಗದೆ ಕೊನೆಗೊಳ್ಳುತ್ತಿದ್ದವು, ಈಗ 1,800. ಆ್ಯಪ್ ತೆರೆದು ಬೇಸತ್ತವರ ಸಂಖ್ಯೆ ಅರ್ಧದಷ್ಟು ಹೆಚ್ಚಿದೆ, ಅದೂ ಬಹುಶಃ ಮೊದಲ ಸಲ ಬಂದವರಲ್ಲಿ. ಸೇವೆ ಕೆಟ್ಟಿಲ್ಲ ಎಂಬುದೂ ನಿಜ, ಹೆಚ್ಚು ಜನ ಬೇಸತ್ತಿದ್ದಾರೆ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದು, ಮುಂದಿನ ಕೆಲಸ ಸಂಜೆಯ ಹೊತ್ತಿನ ಮೇಲೆ ಎಂಬ ತೀರ್ಮಾನಕ್ಕೆ ಬಂದರೆ ಉತ್ತರ ಪೂರ್ಣವಾಗುತ್ತದೆ.

ಇನ್ನು ಮೊದಲ ರೂಪ, ಅಂದರೆ ಯಾವ ಅಂಕಿಯನ್ನು ಗುರಿಯಾಗಿಸಬೇಕು ಎಂಬ ಪ್ರಶ್ನೆ. ಇಲ್ಲಿ ಸೂತ್ರಗಳಿಗೆ ಬರವಿಲ್ಲ. ಡೇವ್ ಮೆಕ್‌ಕ್ಲೂರ್ 2007ರಲ್ಲಿ ಹೆಸರು ಮಾಡಿದ ಐದು ಹಂತಗಳ ಪಟ್ಟಿಯಿದೆ, ಗೂಗಲ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಹಾರ್ಟ್ ಎಂಬ ಚೌಕಟ್ಟಿದೆ. ಇವು ಮರೆವಿಗೆ ಮದ್ದು, ವಿವೇಚನೆಗೆ ಬದಲಿಯಲ್ಲ. ಸಂದರ್ಶಕ ಕಾಯುವುದು ಬೇರೊಂದು ಮಾತಿಗೆ: ಈ ಅಂಕಿ ಏರುತ್ತಿದ್ದಾಗಲೂ ಬಳಕೆದಾರನ ಪಾಡು ಕೆಡುವುದು ಯಾವಾಗ?

ಇದಕ್ಕೆ ದಾಖಲಾದ ಉದಾಹರಣೆಗಳಲ್ಲಿ ಅತ್ಯಂತ ಸೊಗಸಾದದ್ದು ಮೈಕ್ರೊಸಾಫ್ಟ್‌ನ ಬಿಂಗ್ ಹುಡುಕುತಾಣದ್ದು. ರಾನ್ ಕೊಹಾವಿ ಮತ್ತು ಸಂಗಡಿಗರು 2012ರ ಪ್ರಬಂಧವೊಂದರಲ್ಲಿ ಅದನ್ನು ವಿವರಿಸಿದ್ದಾರೆ. ಒಂದು ಪ್ರಯೋಗದಲ್ಲಿ ದೋಷವೊಂದು ನುಸುಳಿ, ಬಳಕೆದಾರರಿಗೆ ತೀರ ಕಳಪೆ ಫಲಿತಾಂಶಗಳು ಕಾಣಿಸತೊಡಗಿದವು. ಆಗ ತಲಾ ಹುಡುಕಾಟಗಳು ಶೇಕಡಾ 10ಕ್ಕೂ ಹೆಚ್ಚು ಏರಿದವು, ತಲಾ ಆದಾಯ ಶೇಕಡಾ 30ಕ್ಕೂ ಹೆಚ್ಚು. ಬೇಕಾದದ್ದು ಸಿಗದವರು ಮತ್ತೆ ಮತ್ತೆ ಹುಡುಕಿದರು. ಫಲಿತಾಂಶಗಳಿಗಿಂತ ಜಾಹೀರಾತುಗಳೇ ಉಪಯುಕ್ತವಾಗಿ ಕಂಡದ್ದರಿಂದ ಅವನ್ನು ಒತ್ತಿದರು. ಹುಡುಕಾಟಗಳ ಸಂಖ್ಯೆಯನ್ನೋ ಆದಾಯವನ್ನೋ ಗುರಿಯಾಗಿ ಹಿಡಿದವನಿಗೆ ಆ ದೋಷ ಹಬ್ಬದಂತೆ ಕಂಡಿರುತ್ತಿತ್ತು. ಲೇಖಕರು ಅದರ ಬದಲಿಗೆ ಸೂಚಿಸಿದ್ದು, ಒಬ್ಬ ಬಳಕೆದಾರ ಎಷ್ಟು ಬಾರಿ ಹೊಸದಾಗಿ ಹುಡುಕಲು ಮರಳಿ ಬರುತ್ತಾನೆ ಎಂಬ ಅಳತೆಯನ್ನು. ಅದೇ 2012ರಲ್ಲಿ ಯೂಟ್ಯೂಬ್ ಕೂಡ ವೀಕ್ಷಣೆಗಳ ಎಣಿಕೆಯಿಂದ ವೀಕ್ಷಣೆಯ ಅವಧಿಗೆ ಹೊರಳಿತು. ಆಕರ್ಷಕ ಮುಖಪುಟ ಚಿತ್ರ ತೋರಿಸಿ ಒತ್ತಿಸಿಕೊಳ್ಳುವ ವಿಡಿಯೊಗಳಿಗೆ ಎಣಿಕೆಯೇ ಮೇವಾಗಿತ್ತು.

ನಮ್ಮ ಆ್ಯಪ್‌ನಲ್ಲಿ ಈ ಬಲೆ ‘ರದ್ದತಿಯ ಪ್ರಮಾಣ’ದ ರೂಪದಲ್ಲಿದೆ. ಚಾಲಕರು ಬುಕಿಂಗ್ ಒಪ್ಪಿಕೊಂಡು, ಫೋನು ಮಾಡಿ ‘ಎಲ್ಲಿಗೆ ಹೋಗ್ಬೇಕು?’ ಎಂದು ಕೇಳಿ, ಊರಾಚೆ ಎಂದರೆ ರದ್ದು ಮಾಡುತ್ತಾರೆ. ಇದನ್ನು ತಪ್ಪಿಸಲು ಒಪ್ಪಿಕೊಳ್ಳುವ ಮೊದಲೇ ತಲುಪಬೇಕಾದ ಜಾಗವನ್ನು ತೋರಿಸಿದರೆ ರದ್ದತಿ ಥಟ್ಟನೆ ಇಳಿಯುತ್ತದೆ. ಆದರೆ ಒಲ್ಲದ ಚಾಲಕ ಈಗ ಮೊದಲೇ ಒಪ್ಪಿಕೊಳ್ಳುವುದಿಲ್ಲ. ಪ್ರಯಾಣಿಕನ ಮುಂದೆ ‘ಹುಡುಕುತ್ತಿದ್ದೇವೆ’ ಎಂಬ ಪರದೆ ಹಾಗೆಯೇ ನಿಂತಿರುತ್ತದೆ. ನಿರಾಕರಣೆ ಒಂದು ಹೆಜ್ಜೆ ಹಿಂದೆ ಸರಿಯಿತೇ ಹೊರತು ಮಾಯವಾಗಲಿಲ್ಲ. ಹೀಗಾಗಿ ಗುರಿಯಾಗಿ ಹಿಡಿಯಬೇಕಾದದ್ದು ರದ್ದತಿಯನ್ನಲ್ಲ, ಆಟೊ ಬೇಕೆಂದವರಲ್ಲಿ ಇಂತಿಷ್ಟು ನಿಮಿಷದೊಳಗೆ ಆಟೊ ಹತ್ತಿ ಪ್ರಯಾಣ ಮುಗಿಸಿದವರ ಪಾಲನ್ನು. ಅದರ ಪಕ್ಕದಲ್ಲೇ ಚಾಲಕನ ದಿನದ ಗಳಿಕೆಯನ್ನು ಕಾವಲಿನಂತೆ ಇಡಬೇಕು. ಅದು ಕುಸಿದರೆ ಉಳಿದದ್ದೆಲ್ಲ ಚೆನ್ನಾಗಿ ಕಂಡರೂ ಕೆಲಸ ನಿಲ್ಲಿಸಬೇಕು.

ಆದ್ಯತೆಯ ಪ್ರಶ್ನೆ

ಸಂಜೆಯ ಹೊತ್ತನ್ನು ಸರಿಪಡಿಸಲು ಮೂರು ಪ್ರಸ್ತಾಪಗಳು ಮೇಜಿನ ಮೇಲಿವೆ ಎನ್ನೋಣ. ತಲುಪುವ ಜಾಗವನ್ನು ಚಾಲಕರಿಗೆ ಮೊದಲೇ ತೋರಿಸುವುದು. ಬುಕ್ ಮಾಡುವಾಗಲೇ ಪ್ರಯಾಣಿಕರು ಹೆಚ್ಚುವರಿ ಟಿಪ್ ಸೇರಿಸುವ ಗುಂಡಿ ಕೊಡುವುದು. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯ ಸಿಬ್ಬಂದಿಗೆ ಹಿಂದಿನ ದಿನವೇ ಸಮಯ ಗೊತ್ತುಮಾಡಿಕೊಳ್ಳುವ ಸೌಲಭ್ಯ ಕೊಡುವುದು. ‘ಈ ತ್ರೈಮಾಸಿಕದಲ್ಲಿ ಯಾವುದು ಮೊದಲು?’

ಇಂಥ ಪ್ರಶ್ನೆಗೆ ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನಗಳಲ್ಲಿ ಒಂದು, ಇಂಟರ್‌ಕಾಮ್ ಕಂಪನಿಯಲ್ಲಿ ಶಾನ್ ಮೆಕ್‌ಬ್ರೈಡ್ ರೂಪಿಸಿದ ರೈಸ್ ಎಂಬ ಲೆಕ್ಕ. ಒಂದು ಅವಧಿಯಲ್ಲಿ ಎಷ್ಟು ಜನರಿಗೆ ತಟ್ಟುತ್ತದೆ ಎಂಬುದನ್ನು, ಒಬ್ಬೊಬ್ಬರಿಗೂ ಎಷ್ಟು ಪರಿಣಾಮ ಎಂಬುದರಿಂದಲೂ ನಮ್ಮ ಅಂದಾಜಿನ ಮೇಲೆ ನಮಗೆಷ್ಟು ಭರವಸೆ ಎಂಬುದರಿಂದಲೂ ಗುಣಿಸಿ, ಬೇಕಾಗುವ ಶ್ರಮದಿಂದ ಭಾಗಿಸುವುದು. ಪರಿಣಾಮಕ್ಕೆ 3, 2, 1, 0.5, 0.25 ಎಂಬ ಮೆಟ್ಟಿಲುಗಳಿವೆ. ಭರವಸೆ ಶೇಕಡಾ 100, 80 ಅಥವಾ 50. ಶ್ರಮವನ್ನು ಒಬ್ಬ ವ್ಯಕ್ತಿಯ ಒಂದು ತಿಂಗಳ ಕೆಲಸದ ಲೆಕ್ಕದಲ್ಲಿ ಹೇಳುತ್ತಾರೆ.

ಜಾಗ ತೋರಿಸುವ ಕೆಲಸ ತ್ರೈಮಾಸಿಕದಲ್ಲಿ 40,000 ಪ್ರಯಾಣಿಕರಿಗೆ ತಟ್ಟುತ್ತದೆ, ಪರಿಣಾಮ 2, ಭರವಸೆ ಶೇಕಡಾ 80, ಶ್ರಮ 4 ತಿಂಗಳು. ಗುಣಿಸಿ ಭಾಗಿಸಿದರೆ 16,000. ಟಿಪ್ ಗುಂಡಿ ತಟ್ಟುವುದು 20,000 ಜನರಿಗೆ, ಪರಿಣಾಮ 1, ಭರವಸೆ ಶೇಕಡಾ 80, ಶ್ರಮ ಒಂದೇ ತಿಂಗಳು. ಅದೂ 16,000. ಕಂಪನಿಯ ಸಿಬ್ಬಂದಿಯ ಸೌಲಭ್ಯ 3,000 ಜನರಿಗೆ, ಪರಿಣಾಮ 3, ಭರವಸೆ ಶೇಕಡಾ 50, ಶ್ರಮ 5 ತಿಂಗಳು. ಅದಕ್ಕೆ ಸಿಗುವುದು 900.

ಮೊದಲೆರಡಕ್ಕೂ ಒಂದೇ ಅಂಕ ಬಂದಿರುವುದು ಸಂದರ್ಶಕನ ಕುಯುಕ್ತಿ. ಸೂತ್ರವನ್ನೇ ನಂಬಿ ಬಂದ ಅಭ್ಯರ್ಥಿ ಇಲ್ಲಿ ನಿಂತುಬಿಡುತ್ತಾನೆ. ತಿಳಿದವನು ಒಳಗಿನ ಅಂದಾಜುಗಳನ್ನು ಅಲುಗಾಡಿಸಿ ನೋಡುತ್ತಾನೆ. ಜಾಗ ತೋರಿಸುವ ಕೆಲಸಕ್ಕೆ 4ರ ಬದಲು 5 ತಿಂಗಳು ಹಿಡಿದರೆ ಅಂಕ 12,800ಕ್ಕೆ ಇಳಿಯುತ್ತದೆ. ಅದರ ಪರಿಣಾಮ 2 ಅಲ್ಲ, 1 ಎಂದಾದರೆ 8,000. ಅಂದರೆ ಆ 16,000ದ ಅರ್ಧ ಭಾಗ ಒಂದೇ ಒಂದು ಊಹೆಯ ಮೇಲೆ ನಿಂತಿದೆ: ಚಾಲಕರು ನಿರಾಕರಿಸುವುದು ಜಾಗ ಗೊತ್ತಿಲ್ಲದ ಕಾರಣಕ್ಕೇ ಹೊರತು, ಬಾಡಿಗೆ ಗಿಟ್ಟದ ಕಾರಣಕ್ಕಲ್ಲ ಎಂಬ ಊಹೆ. ಅದನ್ನು ನಾಲ್ಕೈದು ತಿಂಗಳು ಕಟ್ಟಿ ತಿಳಿಯಬೇಕಾಗಿಲ್ಲ. ಈಗಾಗಲೇ ರದ್ದಾದ ಬುಕಿಂಗ್‌ಗಳನ್ನು ದೂರ ಮತ್ತು ಪ್ರದೇಶದ ಪ್ರಕಾರ ವಿಂಗಡಿಸಿದರೆ, ಜೊತೆಗೆ ಸ್ಟ್ಯಾಂಡಿನಲ್ಲಿ ನಿಂತ ಒಂದಷ್ಟು ಚಾಲಕರನ್ನು ಮಾತನಾಡಿಸಿದರೆ, ಒಂದು ವಾರದಲ್ಲಿ ಅಂದಾಜು ಗಟ್ಟಿಯಾಗುತ್ತದೆ ಅಥವಾ ಮುರಿಯುತ್ತದೆ. ಅಂಕಗಳ ಮೊತ್ತಕ್ಕಿಂತ, ಯಾವ ಅಂದಾಜು ತಪ್ಪಿದರೆ ಸರದಿ ತಲೆಕೆಳಗಾಗುತ್ತದೆ ಎಂದು ತೋರಿಸಿಕೊಡುವುದರಲ್ಲೇ ಈ ಸೂತ್ರದ ನಿಜವಾದ ಉಪಯೋಗ ಇದೆ.

ಮೂರನೆಯದರ 900 ಇನ್ನೊಂದು ಪಾಠ. ಈ ಲೆಕ್ಕ ತಲೆಗಳನ್ನು ಎಣಿಸುತ್ತದೆ. ಆ ಕಂಪನಿ ಕೊಡಬಹುದಾದ ವಾರ್ಷಿಕ ಒಪ್ಪಂದದ ಹಣ ಅದರೊಳಗೆ ಎಲ್ಲೂ ಇಲ್ಲ. ಸಂಜೆಯ ಪ್ರಯಾಣಿಕರನ್ನು ಉಳಿಸಿಕೊಳ್ಳುವುದು ಗುರಿಯಾದರೆ 900 ಸರಿಯಾದ ಅಂಕ. ಈ ವರ್ಷ ಖಚಿತ ಆದಾಯ ತರುವುದು ಗುರಿಯಾದರೆ ಅದು ಅರ್ಥಹೀನ. ಎರಡು ಬೇರೆ ಗುರಿಗಳ ಕೆಲಸಗಳನ್ನು ಒಂದೇ ಪಟ್ಟಿಯಲ್ಲಿ ಇಟ್ಟು ಅಂಕ ಹಾಕುವುದು ಈ ಸುತ್ತಿನಲ್ಲಿ ಪದೇ ಪದೇ ಕಾಣುವ ತಪ್ಪು. ಗುರಿಗಳ ನಡುವಿನ ಆಯ್ಕೆ ಮೇಲಿನವರು ಮಾಡಬೇಕಾದದ್ದು. ಅದನ್ನು ಅವರಿಂದ ಬಾಯಿಬಿಡಿಸುವುದು ಪ್ರಾಡಕ್ಟ್ ಮ್ಯಾನೇಜರ್ ಕೆಲಸ.

ಯಾವ ಸೂತ್ರಕ್ಕೂ ಸಿಗದ ಸಂಗತಿಗಳೂ ಇವೆ. ಟಿಪ್ ಗುಂಡಿಯನ್ನೇ ತೆಗೆದುಕೊಳ್ಳಿ. ಬೇಗ ಬರಬೇಕಾದರೆ ಮೊದಲೇ ಟಿಪ್ ಕೊಡಿ ಎನ್ನುವಂಥ ಸೌಲಭ್ಯದ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಉಬರ್‌ಗೆ ನೋಟಿಸ್ ನೀಡಿತು. ಬೆಂಗಳೂರಿನಲ್ಲಿ ಈ ಕ್ಷೇತ್ರದ ಹುದ್ದೆಗೆ ಬಂದ ಅಭ್ಯರ್ಥಿ ಅದನ್ನು ನೆನಪಿಸಿಕೊಂಡು, ಒಂದು ತಿಂಗಳ ಅಗ್ಗದ ಕೆಲಸದ ಹಿಂದೆ ದೊಡ್ಡ ಅಪಾಯವಿದೆ ಎಂದರೆ ಸರಿಸಮವಾಗಿ ನಿಂತಿದ್ದ ಲೆಕ್ಕ ಅಲ್ಲಿಗೆ ಮುರಿಯುತ್ತದೆ. ಕಾನೂನಿನ ಗಡುವುಗಳೂ ಹಾಗೆಯೇ. ಕಾರ್ಡ್ ವಿವರಗಳನ್ನು ವ್ಯಾಪಾರಿಗಳು ತಮ್ಮಲ್ಲಿ ಇಟ್ಟುಕೊಳ್ಳಬಾರದು, ಬದಲಿಗೆ ಟೋಕನ್ ಬಳಸಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ಯಾರೂ ರೈಸ್ ಅಂಕ ಹಾಕುವಂತಿರಲಿಲ್ಲ. ಅದು ಪಟ್ಟಿಯ ಹೊರಗೆ, ಎಲ್ಲಕ್ಕಿಂತ ಮೇಲೆ. ತಮಾಷೆಯೆಂದರೆ ಆ ಗಡುವೂ ಕೆಲವು ಬಾರಿ ಮುಂದೆ ಹೋಗಿ, ಕೊನೆಗೆ 2022ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಮೊದಲ ಗಡುವಿಗೇ ಎಲ್ಲ ಕೆಲಸ ಬದಿಗಿಟ್ಟು ಓಡಿದ ತಂಡಗಳೂ ಇದ್ದವು, ಮುಂದೂಡುತ್ತಾರೆಂದು ಕೂತವೂ ಇದ್ದವು. ಯಾವುದು ಸರಿ ಎಂಬುದು ಅನುಭವಿ ಅಭ್ಯರ್ಥಿಗಳಿಗೆ ಕೇಳಬಹುದಾದ ಒಳ್ಳೆಯ ಉಪಪ್ರಶ್ನೆ.

ಇನ್ನೊಂದು ಉಪಪ್ರಶ್ನೆ ಹಿರಿಯ ಹುದ್ದೆಗಳಲ್ಲಿ ಬರುತ್ತದೆ: ಜಾಗ ತೋರಿಸುವುದು ನಿಜಕ್ಕೂ ಉಪಯೋಗವಾಯಿತೆಂದು ಹೇಗೆ ಪರೀಕ್ಷಿಸುತ್ತೀರಿ? ಅರ್ಧ ಚಾಲಕರಿಗೆ ತೋರಿಸಿ, ಉಳಿದರ್ಧಕ್ಕೆ ತೋರಿಸದೆ ಹೋಲಿಸುತ್ತೇನೆ ಎಂಬುದು ಬಹುತೇಕರ ಉತ್ತರ. ಆಟೊ ಸೇವೆಯಲ್ಲಿ ಇದು ಕೈಕೊಡುತ್ತದೆ. ಜಾಗ ಕಾಣುವ ಚಾಲಕರು ಒಳ್ಳೆಯ ಬಾಡಿಗೆಗಳನ್ನು ಆರಿಸಿಕೊಳ್ಳುತ್ತಾರೆ, ಅವರು ಬಿಟ್ಟದ್ದು ಜಾಗ ಕಾಣದವರ ಪಾಲಿಗೆ ಹೋಗುತ್ತದೆ, ಇವರು ಅದನ್ನು ಒಪ್ಪಿಕೊಂಡು ಆಮೇಲೆ ರದ್ದು ಮಾಡುತ್ತಾರೆ. ಒಂದು ಗುಂಪು ಮೇಲೇರಿದ್ದೇ ಇನ್ನೊಂದನ್ನು ಕೆಳಗೆ ತಳ್ಳಿರುವುದರಿಂದ ಎರಡರ ಅಂತರ ನಿಜವಾದ ಲಾಭಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಲ್ಲರಿಗೂ ತೋರಿಸಿದ ದಿನ ಆ ಲಾಭ ಆವಿಯಾಗುತ್ತದೆ. ಇದಕ್ಕಾಗಿ ಇಂಥ ಸೇವೆಗಳು ಚಾಲಕರನ್ನು ಒಡೆಯದೆ ಸಮಯವನ್ನು ಒಡೆಯುತ್ತವೆ: ಒಂದು ಪ್ರದೇಶದಲ್ಲಿ ಕೆಲವು ಗಂಟೆ ಎಲ್ಲರಿಗೂ ತೋರಿಸುವುದು, ಮುಂದಿನ ಕೆಲವು ಗಂಟೆ ಯಾರಿಗೂ ತೋರಿಸದಿರುವುದು, ಹೀಗೆ ಅನುಕ್ರಮವನ್ನು ಯಾದೃಚ್ಛಿಕವಾಗಿ ಅದಲುಬದಲು ಮಾಡುತ್ತ ಹೋಗುವುದು. ಇದಕ್ಕೆ ಸ್ವಿಚ್‌ಬ್ಯಾಕ್ ಪ್ರಯೋಗ ಎನ್ನುತ್ತಾರೆ. ಅಭ್ಯರ್ಥಿಗೆ ಆ ಹೆಸರು ಗೊತ್ತಿರಬೇಕೆಂದಿಲ್ಲ. ಒಬ್ಬ ಚಾಲಕ ಬಿಟ್ಟ ಬಾಡಿಗೆ ಇನ್ನೊಬ್ಬನ ಮುಂದೆ ಬರುತ್ತದೆ ಎಂಬುದು ಹೊಳೆದರೆ ಸಾಕು.

ತಿಕ್ಕಾಟದ ಪ್ರಶ್ನೆ

ಈಗ ಸನ್ನಿವೇಶಕ್ಕೆ ಜನ ಬರುತ್ತಾರೆ. ಮಾರಾಟ ವಿಭಾಗದ ಮುಖ್ಯಸ್ಥೆ ವೈಟ್‌ಫೀಲ್ಡಿನ ಕಂಪನಿಗೆ ತಿಂಗಳ ಕೊನೆಯೊಳಗೆ ಸೌಲಭ್ಯ ಕೊಡುತ್ತೇವೆಂದು ಮಾತು ಕೊಟ್ಟುಬಿಟ್ಟಿದ್ದಾರೆ. ಕಾರ್ಯಾಚರಣೆಯ ಮುಖ್ಯಸ್ಥರಿಗೆ ಸಂಜೆ ಬರುವ ದೂರುಗಳು ಸಾಕಾಗಿ ಟಿಪ್ ಗುಂಡಿ ನಾಳೆಯೇ ಬೇಕು. ಎಂಜಿನಿಯರಿಂಗ್ ಮುಖ್ಯಸ್ಥರು ಹಳೆಯ ಪಾವತಿ ವ್ಯವಸ್ಥೆಯನ್ನು ಬದಲಿಸದೆ ಹೊಸದೇನನ್ನೂ ಮುಟ್ಟಬಾರದು ಎನ್ನುತ್ತಾರೆ. ಮೂವರೂ ನಿಮಗಿಂತ ಹಿರಿಯರು. ಏನು ಮಾಡುತ್ತೀರಿ?

ಇದೇ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕೇಳುತ್ತಾರೆ: ಹೀಗಾದರೆ ಏನು ಮಾಡುತ್ತೀರಿ ಎಂದು, ಅಥವಾ ಹೀಗಾದಾಗ ಏನು ಮಾಡಿದಿರಿ ಎಂದು. ಎರಡನೆಯ ಬಗೆಗೆ ಸನ್ನಿವೇಶ, ಹೊಣೆ, ಕ್ರಿಯೆ, ಫಲ ಎಂಬ ನಾಲ್ಕು ಭಾಗಗಳ ಸ್ಟಾರ್ ಎಂಬ ಅಚ್ಚು ಎಲ್ಲೆಡೆ ಪ್ರಚಲಿತ. ಅಚ್ಚಿಗೆ ಸುರಿದ ಉತ್ತರಗಳು ಕಿವಿಗೆ ಕೂಡಲೇ ಗೊತ್ತಾಗುತ್ತವೆ. ಅವುಗಳಲ್ಲಿ ಎಲ್ಲರೂ ಕೊನೆಗೆ ಒಪ್ಪುತ್ತಾರೆ, ದತ್ತಾಂಶ ತೋರಿಸಿದ ಕೂಡಲೇ ಸಿಟ್ಟು ಇಳಿಯುತ್ತದೆ, ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಅನುಭವಿ ಸಂದರ್ಶಕರು ಅಲ್ಲಿ ಒಂದೇ ಪ್ರಶ್ನೆ ಹಾಕುತ್ತಾರೆ.

‘ಸರಿ, ನಿಮ್ಮ ತೀರ್ಮಾನದಿಂದ ಯಾರಿಗೆ ನಷ್ಟವಾಯಿತು? ಅದನ್ನು ಅವರಿಗೆ ಹೇಳಿದ್ದು ಯಾರು?’

‘ನಾನೇ ಹೇಳಿದೆ ಮೇಡಂ. ಗ್ರಾಹಕರಿಗೆ ತಿಳಿಯುವ ಮುಂಚೆ ಅವರಿಗೆ ತಿಳಿಯಲಿ ಅಂತ ಮೀಟಿಂಗಿಗೆ ಮೊದಲೇ ಹೋಗಿ ಮಾತಾಡಿದೆ. ಅವರು ಒಪ್ಪಲಿಲ್ಲ.’

‘ಒಪ್ಪಲಿಲ್ಲ ಅಂದಮೇಲೆ?’

ಮಾತುಕತೆ ನಿಜವಾಗಿ ಶುರುವಾಗುವುದು ಇಲ್ಲಿಂದ.

ಆಟೊ ಆ್ಯಪ್‌ನ ಸನ್ನಿವೇಶದಲ್ಲಿ ಗಟ್ಟಿ ಉತ್ತರ ಬೇಡಿಕೆಗಳಿಂದ ಶುರುವಾಗದೆ, ಬೇಡಿಕೆಯ ಹಿಂದಿನ ಲೆಕ್ಕದಿಂದ ಶುರುವಾಗುತ್ತದೆ. ಮಾರಾಟದವರ ಸಂಬಳದ ಒಂದು ಭಾಗ ತ್ರೈಮಾಸಿಕದ ಗುರಿಗೆ ಕಟ್ಟಿಕೊಂಡಿರುತ್ತದೆ. ‘ತಿಂಗಳ ಕೊನೆ’ ಎಂಬ ಗಡುವು ಗ್ರಾಹಕರದ್ದೋ ಅಥವಾ ಆ ಗುರಿಯದ್ದೋ? ಆ ಕಂಪನಿಯೊಂದಿಗೆ ಸಹಿಯಾದ ಒಪ್ಪಂದವಿದೆಯೋ ಬರೀ ಮಾತೋ? ಪಾವತಿ ವ್ಯವಸ್ಥೆ ಹಳೆಯದು ಎಂದರೆ ಎಂಜಿನಿಯರ್‌ಗೆ ಅದು ಇಷ್ಟವಿಲ್ಲ ಎಂದು ಅರ್ಥವೋ, ಅಥವಾ ಕಳೆದ ತಿಂಗಳು ಪಾವತಿಗಳು ನಿಂತುಹೋದದ್ದಕ್ಕೆ ಅದೇ ಕಾರಣವೋ? ಈ ಪ್ರಶ್ನೆಗಳಿಗೆ ಉತ್ತರ ಸಿಗುವಷ್ಟರಲ್ಲಿ ಮೂರರಲ್ಲಿ ಒಂದು ಬೇಡಿಕೆ ತಾನಾಗಿ ಸಡಿಲವಾಗಿರುತ್ತದೆ.

ನಂತರ ಅಗ್ಗದ ದಾರಿಗಳು. ನಿಗದಿತ ಸಮಯದ ಆಟೊವನ್ನು ಐದು ತಿಂಗಳು ಕೋಡ್ ಬರೆದೇ ಕೊಡಬೇಕಿಲ್ಲ. ಆ ಕಂಪನಿಯ ಒಂದು ಪಾಳಿಯ ಸಿಬ್ಬಂದಿಗೆ ಎರಡು ವಾರ, ಕಾರ್ಯಾಚರಣೆಯ ತಂಡವೇ ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡು, ಚಾಲಕರಿಗೆ ಫೋನು ಮಾಡಿ ಆಟೊ ಕಳಿಸಬಹುದು. ಮಾರಾಟದವರಿಗೆ ಗ್ರಾಹಕರ ಮುಂದೆ ತೋರಿಸಲು ಏನಾದರೂ ಸಿಗುತ್ತದೆ. ಸಂಜೆ ಆರಕ್ಕೆ ಬಾ ಎಂದರೆ ಚಾಲಕರು ನಿಜಕ್ಕೂ ಬರುತ್ತಾರೆಯೇ ಎಂಬುದೂ ತಿಳಿಯುತ್ತದೆ. ಆ ಶೇಕಡಾ 50ರ ಭರವಸೆ ಏರಬೇಕಾದದ್ದು ಇಲ್ಲಿಂದಲೇ. ಇದಕ್ಕೂ ಬೆಲೆಯಿದೆ: ಕಾರ್ಯಾಚರಣೆಯ ಮುಖ್ಯಸ್ಥರು ಈಗಾಗಲೇ ದೂರುಗಳಲ್ಲಿ ಮುಳುಗಿದ್ದಾರೆ, ಅವರ ಇಬ್ಬರನ್ನು ಕೇಳಬೇಕು. ಆ ಬೆಲೆಯನ್ನು ಹೆಸರಿಸದೆ ‘ಕೈಯಿಂದ ನಡೆಸೋಣ’ ಎನ್ನುವ ಅಭ್ಯರ್ಥಿ ಇನ್ನೊಬ್ಬರ ಜೇಬಿನಿಂದ ಉದಾರಿಯಾಗುತ್ತಿರುತ್ತಾನೆ.

ಇಷ್ಟಾದರೂ ಒಬ್ಬರು ಒಪ್ಪದೇ ಉಳಿಯಬಹುದು. ಆಗ ತೀರ್ಮಾನದ ಹಕ್ಕು ಯಾರದು ಎಂಬುದು ಸ್ಪಷ್ಟವಾಗಬೇಕು. ಮೇಲಿನವರ ಬಳಿ ಹೋಗುವುದನ್ನು ಬಹಳ ಅಭ್ಯರ್ಥಿಗಳು ಸೋಲು ಎಂದು ಭಾವಿಸಿ ಉತ್ತರದಲ್ಲಿ ಮರೆಮಾಡುತ್ತಾರೆ. ಎರಡು ಗುರಿಗಳ ನಡುವೆ ಜಗಳವಿದ್ದಾಗ ಅದೇ ಸರಿಯಾದ ಹೆಜ್ಜೆ. ಆದರೆ ಇಬ್ಬರೂ ಒಟ್ಟಿಗೆ, ಒಂದೇ ಪುಟದ ಟಿಪ್ಪಣಿ ಹಿಡಿದು ಹೋಗಬೇಕು. ಎದುರಾಳಿಯ ವಾದ ಅವರೇ ಒಪ್ಪುವಷ್ಟು ಬಲವಾಗಿ ಅದರಲ್ಲಿ ಇರಬೇಕು. ತೀರ್ಮಾನ ತನ್ನ ವಿರುದ್ಧ ಬಂದಾಗ ಅಭ್ಯರ್ಥಿ ಏನು ಮಾಡಿದ ಎಂಬುದು ಅಮೆಜಾನ್‌ನಂಥ ಕಡೆ ನೇರವಾಗಿಯೇ ಕೇಳುವ ವಿಷಯ. ಭಿನ್ನಾಭಿಪ್ರಾಯವನ್ನು ಎದೆಗಾರಿಕೆಯಿಂದ ಹೇಳು, ತೀರ್ಮಾನವಾದ ಮೇಲೆ ಪೂರ್ತಿಯಾಗಿ ಕೈಜೋಡಿಸು ಎಂಬುದು ಆ ಕಂಪನಿಯ ಘೋಷಿತ ತತ್ವಗಳಲ್ಲಿ ಒಂದು.

ಈ ಸುತ್ತಿನಲ್ಲಿ ಕೇಳಿಸುವ ಎರಡು ಅಪಸ್ವರಗಳನ್ನು ಗುರುತಿಸುವುದು ಸುಲಭ. ಒಂದು, ಎಲ್ಲರ ಬೇಡಿಕೆಗೂ ಸ್ವಲ್ಪ ಸ್ವಲ್ಪ ಹಂಚಿ, ಮೂರನ್ನೂ ಅರ್ಧರ್ಧ ಮಾಡುತ್ತೇನೆ ಎಂಬ ಉತ್ತರ. ತ್ರೈಮಾಸಿಕದ ಕೊನೆಗೆ ಮೂರು ಅರೆಬರೆ ಕೆಲಸಗಳು ಉಳಿಯುತ್ತವೆ, ಅಳತೆ ಅಲುಗುವುದಿಲ್ಲ. ಇನ್ನೊಂದು, ಕಥೆಯಲ್ಲಿ ಎದುರಿಗಿರುವವರೆಲ್ಲ ದಡ್ಡರಾಗಿರುವುದು.

ಅಂಕ ಕೊಡುವ ಬಗೆ ಮತ್ತು ಮಿತಿಗಳು

ಒಳ್ಳೆಯ ತಂಡಗಳು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ, ಪ್ರತಿ ಮಟ್ಟದ ಉತ್ತರ ಹೇಗಿರುತ್ತದೆ ಎಂದು ಮೊದಲೇ ಬರೆದಿಟ್ಟುಕೊಂಡು, ಸಂದರ್ಶಕರು ಪರಸ್ಪರ ಮಾತನಾಡುವ ಮುನ್ನವೇ ಅಂಕ ದಾಖಲಿಸುವಂತೆ ಮಾಡುತ್ತವೆ. ಇದಕ್ಕೆ ಸಂಶೋಧನೆಯ ಬೆಂಬಲವಿದೆ. ಉದ್ಯೋಗದ ಆಯ್ಕೆಯ ವಿಧಾನಗಳನ್ನು ಕುರಿತ ಅಧ್ಯಯನಗಳನ್ನು ಪಾಲ್ ಸ್ಯಾಕೆಟ್ ಮತ್ತು ಸಹಲೇಖಕರು 2022ರಲ್ಲಿ ಮರುಲೆಕ್ಕ ಹಾಕಿದಾಗ, ಮುಂದಿನ ಕಾರ್ಯಕ್ಷಮತೆಯನ್ನು ಊಹಿಸುವುದರಲ್ಲಿ ಇಂಥ ವ್ಯವಸ್ಥಿತ ಸಂದರ್ಶನಗಳೇ ಮೊದಲ ಸ್ಥಾನಕ್ಕೆ ಬಂದವು. ಆದರೆ ಮೊದಲ ಸ್ಥಾನದಲ್ಲಿದ್ದ ಸಂದರ್ಶನಕ್ಕೂ ಕೆಲಸಕ್ಕೂ ಇರುವ ಸಹಸಂಬಂಧ ಸುಮಾರು 0.42. ಚೆನ್ನಾಗಿ ಉತ್ತರಿಸಿ ಕೆಲಸದಲ್ಲಿ ಸೋಲುವವರಿಗೂ, ತಡವರಿಸಿ ಆಮೇಲೆ ಮಿಂಚುವವರಿಗೂ ಅದರೊಳಗೆ ಬೇಕಾದಷ್ಟು ಜಾಗವಿದೆ.

ತಡವರಿಕೆಗೆ ಭಾಷೆಯೂ ಕಾರಣವಾಗುತ್ತದೆ. ಬೆಂಗಳೂರಿನ ಈ ಸಂದರ್ಶನಗಳು ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತವೆ. ಲೆಕ್ಕವನ್ನು ಸರಿಯಾಗಿ ಮಾಡಿದವರು ಅದನ್ನು ನಿರರ್ಗಳವಾಗಿ ಹೇಳಲಾಗದೆ ಹಿಂದೆ ಬೀಳುವುದುಂಟು. ಆಟೊ ಚಾಲಕರ ನಿರಾಕರಣೆಯ ಕಾರಣವನ್ನು ಕನ್ನಡದಲ್ಲಿ ಕೇಳಿ ತಿಳಿಯಬಲ್ಲ ಅಭ್ಯರ್ಥಿಗೆ ಅಂಕಪಟ್ಟಿಯಲ್ಲಿ ಅದಕ್ಕೆಂದು ಕಾಲಂ ಇರುವುದು ಅಪರೂಪ. ‘ನಮ್ಮ ಆ್ಯಪ್‌ಗೆ ಮುಂದಿನ ಆರು ತಿಂಗಳ ಯೋಜನೆ ಬರೆದು ತನ್ನಿ’ ಎಂದು ಮನೆಕೆಲಸ ಕೊಡುವ ಪದ್ಧತಿಗೆ ಬೇರೆಯೇ ತೊಡಕಿದೆ. ಮಕ್ಕಳಿರುವವರಿಗೂ ಹಾಲಿ ಕೆಲಸ ಬಿಡಲಾಗದವರಿಗೂ ಅದು ಭಾರ, ಪುಕ್ಕಟೆ ಸಲಹೆ ಪಡೆಯುವ ಉಪಾಯವೆಂಬ ಅನುಮಾನಕ್ಕೂ ದಾರಿ. ಕೆಲವು ಕಂಪನಿಗಳು ಅದರ ಬದಲು, ಸಂಬಂಧವಿಲ್ಲದ ಬೇರೊಂದು ಸೇವೆಯ ಅಂಕಿಅಂಶಗಳನ್ನು ಸಂದರ್ಶನದ ಕೊಠಡಿಯಲ್ಲೇ ಕೊಟ್ಟು, ಒಂದು ಗಂಟೆಯೊಳಗೆ ಅಭ್ಯರ್ಥಿಯ ಜೊತೆ ಕೂತು ಬಿಡಿಸುತ್ತವೆ.